ಒಂದೇ ಗಿಡದ ಎಲೆ, ಒಂದು ಹಸಿರು ಇನ್ನೊಂದು ಕಪ್ಪು ಹೇಗೆ?

ಪುತ್ತೂರಿನವ: ಗ್ರೀನ್ ಟೀ, ಬ್ಲಾಕ್ ಟೀ ಎರಡೂ ಒಂದೇ ಗಿಡದ್ದು ಅಂತಾರೆ. ಹಾಗಿದ್ರೆ ಬಣ್ಣ, ರುಚಿ ಇಷ್ಟು ಬೇರೆ ಯಾಕೆ? ಬಣ್ಣ ಏನಾದ್ರೂ ಹಾಕ್ತಾರಾ?

ರಾಗಿಮುದ್ದೆ: ಬಣ್ಣ ಹಾಕಲ್ಲ ಸ್ವಾಮಿ. ಹಸಿ ಎಲೆಯನ್ನು ನೆರಳಲ್ಲಿ ಒಣಗಿಸಿದರೆ ಗ್ರೀನ್ ಟೀ. ದೋಸೆ ಹಿಟ್ಟಿನ ಹಾಗೆ ಹುದುಗು ಬರಿಸಿದರೆ ಬ್ಲಾಕ್ ಟೀ. ಗ್ರೀನ್ ಟೀಯಲ್ಲಿ ಕೆಫೀನ್ ಇರುವುದಿಲ್ಲ, ಅದಕ್ಕೇ ಡಾಕ್ಟರ್‌ಗಳು ಹೇಳುವುದು.

ಕೂನೂರು ಫ್ಯಾಕ್ಟರಿ: ಬಣ್ಣ ಹಾಕಲ್ಲ ಅನ್ನೋದು ಸರಿ, ಉಳಿದದ್ದು ಅರ್ಧ. ಬ್ಲಾಕ್ ಟೀ ಆಗಲು ಬ್ಯಾಕ್ಟೀರಿಯಾ ಬೇಕಿಲ್ಲ, ಎಲೆಯೊಳಗಿನ ಕಿಣ್ವ ಸಾಕು. ಹೆಚ್ಚಿಟ್ಟ ಬದನೆಕಾಯಿ ಕಂದು ತಿರುಗುತ್ತದಲ್ಲ, ಅದೇ ಜಾತಿಯ ಕೆಲಸ. ಎಲೆ ಜಜ್ಜಿದಾಗ ಕಿಣ್ವವೂ ಎಲೆಯ ಒಗರಿನ ಅಂಶವೂ ಒಂದಾಗಿ, ಗಾಳಿ ತಾಗಿ ಕೆಂಪಾಗುತ್ತವೆ.

ನಮ್ಮಲ್ಲಿ ಬ್ಲಾಕ್ ಟೀಗೆ ಎಲೆಯನ್ನು ರಾತ್ರಿಯಿಡೀ ಬಾಡಿಸುತ್ತೇವೆ, ಕೆಳಗಿನಿಂದ ಫ್ಯಾನ್ ಗಾಳಿ ಹೊಡೆಯುತ್ತಿರುತ್ತದೆ. ಬೆಳಿಗ್ಗೆ ಹಲ್ಲಿನ ರೋಲರ್‌ಗಳ ನಡುವೆ ಹಾಯಿಸಿ ಅರೆದು, ಹರಡುತ್ತೇವೆ. ಸುಮಾರು ಒಂದು ಗಂಟೆಯಲ್ಲಿ ಹಸಿರು ಹೋಗಿ ತಾಮ್ರದ ಬಣ್ಣ ಬರುತ್ತದೆ, ಹಸಿ ಹುಲ್ಲಿನ ವಾಸನೆ ಹಣ್ಣಿನ ವಾಸನೆಗೆ ತಿರುಗುತ್ತದೆ. ಆ ಹೊತ್ತಿಗೆ ಡ್ರೈಯರ್‌ಗೆ ಹಾಕಲೇಬೇಕು. ತಡವಾದರೆ ಬಣ್ಣ ಇನ್ನೂ ಗಾಢವಾಗುತ್ತದೆ, ಆದರೆ ಕುಡಿದಾಗ ಆ ಚುರುಕು ಇರಲ್ಲ, ಸಪ್ಪೆ.

ಗ್ರೀನ್ ಟೀಗೆ ಇದರ ಉಲ್ಟಾ. ಕಿಣ್ವ ಕೆಲಸ ಶುರು ಮಾಡುವ ಮೊದಲೇ ಅದನ್ನು ಬಿಸಿಯಲ್ಲಿ ಸಾಯಿಸಬೇಕು. ಜಪಾನಿನಲ್ಲಿ ಹೆಚ್ಚಾಗಿ ಹಬೆ, ಚೀನಾದಲ್ಲಿ ಹೆಚ್ಚಾಗಿ ಕಾದ ಬಾಣಲೆ. ಸುಮ್ನೆ ನೆರಳಲ್ಲಿ ಒಣಗಿಸಿದರೆ ಆಗಲ್ಲ. ಇನ್ನು ಕೆಫೀನ್ ಎರಡರಲ್ಲೂ ಇದೆ.

ಶೋಭಾ ಮೂಡಿಗೆರೆ: ಓ, ಇದಕ್ಕೇನಾ! ನಮ್ಮ ಕಾಫಿ ತೋಟದ ಬದಿಯಲ್ಲಿ ಕೆಲವು ಟೀ ಗಿಡ ಇವೆ. ಎರಡೆಲೆ ಒಂದು ಕುಡಿ ಕಿತ್ತು, ಪ್ಲಾಸ್ಟಿಕ್ ಚೀಲಕ್ಕೆ ತುಂಬಿ, ಸಂಜೆ ಬಂದು ಬಾಣಲೆಗೆ ಹಾಕಿದೆ. ಒಣಗಿದ ಮೇಲೆ ಎಲೆ ಹಸಿರೇ ಇತ್ತು, ತೊಟ್ಟು ಮಾತ್ರ ಕೆಂಪು. ಡಿಕಾಕ್ಷನ್ ಕೂಡ ಕೆಂಪುಮಿಶ್ರಿತ ಹಳದಿ. ಬಾಣಲೆ ಕಾದದ್ದು ಸಾಲದಾಯ್ತಾ?

ಕೂನೂರು ಫ್ಯಾಕ್ಟರಿ: ಶೋಭಕ್ಕ, ಎರಡು ಕಡೆ ಕೈಕೊಟ್ಟಿರಬಹುದು. ಚೀಲದಲ್ಲಿ ಒತ್ತಿ ತುಂಬಿದ ಎಲೆ ತಾನೇ ಬಿಸಿಯಾಗುತ್ತದೆ, ನಲುಗಿದ ಕಡೆಯಲ್ಲೆಲ್ಲ ಕೆಂಪಾಗುತ್ತದೆ. ಬುಟ್ಟಿಯಲ್ಲಿ ಸಡಿಲವಾಗಿ ತನ್ನಿ. ಇನ್ನೊಂದು, ತೊಟ್ಟು ದಪ್ಪ, ಬಿಸಿ ಒಳಗೆ ಇಳಿಯುವುದು ನಿಧಾನ. ತೊಟ್ಟು ಕೆಂಪಾಗಿದ್ದರೆ ಅಲ್ಲಿ ಕಿಣ್ವ ಸಾಯುವ ಮೊದಲೇ ಕೆಲಸ ಮುಗಿಸಿದೆ ಅಂತ.

ದಪ್ಪ ಕಬ್ಬಿಣದ ಬಾಣಲೆ ಚೆನ್ನಾಗಿ ಕಾಯಲಿ. ಒಂದು ಹಿಡಿಯಷ್ಟೇ ಹಾಕಿ, ಜಾಸ್ತಿ ಹಾಕಿದರೆ ಬಾಣಲೆ ತಣ್ಣಗಾಗುತ್ತದೆ. ಮೊದಲು ಅರ್ಧ ನಿಮಿಷ ಮುಚ್ಚಿ, ಎಲೆಯ ಹಬೆಯಲ್ಲೇ ತೊಟ್ಟು ಬೇಯಲಿ. ಆಮೇಲೆ ಮುಚ್ಚಳ ತೆಗೆದು ಎತ್ತಿ ಎತ್ತಿ ಹಾಕುತ್ತಿರಿ, ಇಲ್ಲಾಂದ್ರೆ ಸೀಯುತ್ತದೆ. ತೊಟ್ಟು ಬಗ್ಗಿಸಿದರೆ ಮುರಿಯದೆ ಮೆತ್ತಗೆ ಬಾಗಬೇಕು, ಹಸಿ ವಾಸನೆ ಹೋಗಿರಬೇಕು. ಆಗ ಇಳಿಸಿ, ಅಂಗೈಯಲ್ಲಿ ಹೊಸೆದು, ಸಣ್ಣ ಉರಿಯಲ್ಲಿ ಗರಿಗರಿ ಒಣಗಿಸಿ. ನಾಲ್ಕು ಕೆಜಿಗಿಂತ ಜಾಸ್ತಿ ಹಸಿ ಎಲೆಯಿಂದ ಒಂದು ಕೆಜಿ ಟೀ ಬರುವುದು, ಹಾಗಾಗಿ ನಿಮ್ಮ ಗಿಡಗಳಿಂದ ಡಬ್ಬಿ ತುಂಬಲ್ಲ!

ಫಿಟ್ ಪ್ರವೀಣ: ಬೆಳಿಗ್ಗೆ ಖಾಲಿ ಹೊಟ್ಟೆಗೆ ಗ್ರೀನ್ ಟೀ ಕುಡಿದರೆ ಎಷ್ಟು ಕೆಜಿ ಇಳಿಯುತ್ತೆ?

ಪುತ್ತೂರಿನವ: ಇಲ್ಲಿ ಎಲೆಯ ಕೆಜಿ ಲೆಕ್ಕ ನಡೀತಿದೆ ಮಾರಾಯ್ರೆ. ಅದಿರಲಿ, ಡಬ್ಬಿಯಲ್ಲಿ ಹಳೇದಾದ ಗ್ರೀನ್ ಟೀ ಮುಂದೆ ಬ್ಲಾಕ್ ಟೀ ಆಗುತ್ತಾ? ನಮ್ಮನೇದು ಕಂದಾಗಿದೆ.

ಕೂನೂರು ಫ್ಯಾಕ್ಟರಿ: ಆಗಲ್ಲ. ಕಿಣ್ವ ಸತ್ತಿದೆಯಲ್ಲ. ತೇವ, ಬೆಳಕು, ಗಾಳಿಗೆ ಹಳಸಿದ್ದು ಅಷ್ಟೇ.

ಹಳೇ ಪುಟ: ಬಣ್ಣದ ಪ್ರಶ್ನೆಗೆ ಒಂದು ಮಾತು. ಯುರೋಪಿನವರು ಬಹಳ ಕಾಲ ಇವು ಎರಡು ಬೇರೆ ಗಿಡ ಅಂತಲೇ ನಂಬಿದ್ದರು. ಗಿಡಗಳಿಗೆ ವೈಜ್ಞಾನಿಕ ಹೆಸರಿಡುತ್ತಿದ್ದ ಸಸ್ಯವಿಜ್ಞಾನಿ ಲಿನೇಯಸ್ ಎರಡಕ್ಕೂ ಬೇರೆ ಬೇರೆ ಹೆಸರಿಟ್ಟಿದ್ದ. 1840ರ ದಶಕದಲ್ಲಿ ಗಿಡ ಸಂಗ್ರಹಿಸುತ್ತಿದ್ದ ರಾಬರ್ಟ್ ಫಾರ್ಚೂನ್ ಎಂಬ ಸ್ಕಾಟ್ಲೆಂಡಿನವ ಚೀನಾ ಸುತ್ತಿ, ಒಂದೇ ಗಿಡದಿಂದ ಎರಡೂ ಮಾಡಬಹುದು ಅಂತ ಬರೆದ. ಮುಂದೆ, ಹೊರದೇಶಕ್ಕೆ ಕಳಿಸುವ ಗ್ರೀನ್ ಟೀಗೆ ಪ್ರಷ್ಯನ್ ನೀಲಿ ಮತ್ತು ಜಿಪ್ಸಮ್ ಬೆರೆಸಿ ಹಸಿರು ಹೆಚ್ಚಿಸುವುದನ್ನೂ ಕಣ್ಣಾರೆ ಕಂಡ. ಕೊಳ್ಳುವವರಿಗೆ ಆ ಬಣ್ಣವೇ ಇಷ್ಟವಾಗಿತ್ತಂತೆ. ಹಾಗಾಗಿ ನಿಮ್ಮ ಅನುಮಾನ ಸುಮ್ನೆ ಹುಟ್ಟಿದ್ದಲ್ಲ ಬಿಡಿ.

ರಾಗಿಮುದ್ದೆ: ಸರಿ, ಹುದುಗು ವಿಷಯ ಒಪ್ಪಿದೆ. ಆದರೆ "ಒಂದೇ ಗಿಡ" ಅನ್ನೋದು ಪೂರ್ತಿ ನಿಜವಾ? ಅಸ್ಸಾಮಿನ ದೊಡ್ಡೆಲೆ ಬೇರೆ, ಚೀನಾದ ಚಿಕ್ಕೆಲೆ ಬೇರೆ ಅಲ್ವಾ? ದೊಡ್ಡೆಲೆಯ ಗ್ರೀನ್ ಟೀ ಬರೀ ಕಹಿ.

ಕೂನೂರು ಫ್ಯಾಕ್ಟರಿ: ಜಾತಿ ಒಂದೇ, ಬಗೆ ಎರಡು. ದೊಡ್ಡೆಲೆಯಲ್ಲಿ ಒಗರು ಜಾಸ್ತಿ ಅನ್ನೋದು ನಿಜ, ಬ್ಲಾಕ್ ಟೀಗೆ ಅದು ಲಾಭ. ಆದರೆ ನೀವು ಕುದಿಯುವ ನೀರು ಹಾಕಿ ಹತ್ತು ನಿಮಿಷ ಬಿಟ್ಟಿರಬೇಕು. 75–80 ಡಿಗ್ರಿ, ಎರಡು ನಿಮಿಷ ಸಾಕು.

ರಾಗಿಮುದ್ದೆ: ಹಾಗೂ ಮಾಡಿ ನೋಡಿದ್ದೇನೆ. ಕಹಿಯೇ.

ಶೋಭಾ ಮೂಡಿಗೆರೆ: ನಮ್ಮದು ಯಾವ ಬಗೆಯೋ ಗೊತ್ತಿಲ್ಲ, ಎಲೆ ಅಂಗೈಯಷ್ಟಿದೆ. ಈ ಸಲ ಬುಟ್ಟಿಯಲ್ಲಿ ತಂದು ಅರ್ಧ ಬಾಣಲೆಗೆ ಹಾಕಿ, ಅರ್ಧ ಬಾಡಿಸಿ ಹೊಸೆದು ಕೆಂಪಾಗಲು ಬಿಡ್ತೇನೆ. ಫೋಟೋ ಹಾಕ್ತೇನೆ.