ಅಪ್‌ಡೇಟ್: ಸ್ಟೀಮ್ ವಾಲ್ವ್ ಹಂಟಿಂಗ್ ಕೊನೆಗೂ ನಿಂತಿತು

ನನ್ನ ಪ್ರಶ್ನೆ: “ಹೀಟ್ ಎಕ್ಸ್‌ಚೇಂಜರ್‌ನ ನೀರಿನ ತಾಪಮಾನ ಮೇಲೆ ಕೆಳಗೆ ಆಡುತ್ತಲೇ ಇದೆ. ತಾಪಮಾನ ನೋಡಿ ಸ್ಟೀಮ್ ವಾಲ್ವ್ ಸರಿಸುವ ಪಿಐಡಿ ಕಂಟ್ರೋಲರ್‌ನ ಗೇನ್ ಇಳಿಸಿದರೂ ನಿಲ್ಲುತ್ತಿಲ್ಲ. ಏನು ಮಾಡಲಿ?”

ತಪ್ಪು ಟ್ಯೂನಿಂಗ್‌ನಲ್ಲಿ ಇರಲಿಲ್ಲ, ವಾಲ್ವ್‌ನಲ್ಲಿತ್ತು. ಹಾಕಿದ್ದು ಸಿವಿ 100ರ ಲೀನಿಯರ್ ವಾಲ್ವ್, ಅಂದರೆ ತೆರೆದಷ್ಟೇ ಪ್ರಮಾಣದಲ್ಲಿ ಹರಿವು ಬಿಡುವಂಥದ್ದು. ಸಿವಿ ಎಂದರೆ ವಾಲ್ವ್ ಎಷ್ಟು ಹರಿವು ಬಿಡಬಲ್ಲದು ಎಂಬ ಅಳತೆ. ನಮಗೆ ಮಾಮೂಲಿ ಲೋಡ್‌ನಲ್ಲಿ ಬೇಕಾದದ್ದು ಸಿವಿ 10 ಅಷ್ಟೇ. ಅಂದರೆ ವಾಲ್ವ್ ಸದಾ 10% ತೆರೆದೇ ಕೆಲಸ ಮಾಡುತ್ತಿತ್ತು. ಅಲ್ಲಿ ವಾಲ್ವ್ ತೆರೆದು ಮುಚ್ಚುವ ದಂಡ, ಅಂದರೆ ಸ್ಟೆಮ್, 1% ಸರಿದರೆ ಸ್ಟೀಮ್ ಸುಮಾರು 10% ಬದಲಾಗುತ್ತದೆ! ಪ್ಯಾಕಿಂಗ್ ಬಿಗಿಯಿಂದ ಸ್ಟೆಮ್ ಸ್ವಲ್ಪ ಅಂಟಿಕೊಂಡು ಜಿಗಿಯುತ್ತಿತ್ತು. ಗೇನ್ ಇಳಿಸಿದಾಗ ಆಟ ನಿಧಾನವಾಯಿತೇ ಹೊರತು ಹೋಗಲಿಲ್ಲ. ಇದೇ ನನಗೆ ಸಿಕ್ಕ ಸುಳಿವು.

ಈಗ ಸಿವಿ 25ರ ಈಕ್ವಲ್ ಪರ್ಸೆಂಟೇಜ್ ವಾಲ್ವ್ ಹಾಕಿದ್ದೇವೆ. ಇದರಲ್ಲಿ ಸ್ಟೆಮ್ ಒಂದೇ ಅಳತೆ ಸರಿದಾಗಲೆಲ್ಲ ಹರಿವು ಆಗಿನ ಹರಿವಿನ ಅದೇ ಶೇಕಡಾವಾರು ಬದಲಾಗುತ್ತದೆ. ರೇಂಜಬಿಲಿಟಿ, ಅಂದರೆ ನಿಯಂತ್ರಿಸಬಲ್ಲ ಗರಿಷ್ಠ ಮತ್ತು ಕನಿಷ್ಠ ಹರಿವಿನ ಅನುಪಾತ, 50. ವಾಲ್ವ್ ತೆರೆದ ಪ್ರಮಾಣ x ಆದರೆ, ಪೂರ್ತಿ ತೆರೆದಾಗ ಅದು 1, ಲೆಕ್ಕ ಹೀಗೆ:

```
Cv = 25 × 50^(x−1)
```

ಸಿವಿ 10ಕ್ಕೆ x ಸುಮಾರು 0.77 ಬರುತ್ತದೆ. ಇಲ್ಲಿ 1% ಸರಿದರೆ ಸ್ಟೀಮ್ ಬದಲಾಗುವುದು ಸುಮಾರು 4% ಮಾತ್ರ. ವಾಲ್ವ್ ಗೇನ್ ಎರಡೂವರೆ ಪಟ್ಟು ಇಳಿಯಿತು, ಹಾಗಾಗಿ ಕಂಟ್ರೋಲರ್ ಗೇನ್ ಏರಿಸಬೇಕಾಯಿತು.

ನನಗೆ ತುಂಬ ಇಷ್ಟವಾದದ್ದು ಇನ್ನೊಂದು. ನೀರಿನ ಹರಿವು ಕಡಿಮೆಯಾದಾಗ ಅಷ್ಟೇ ಸ್ಟೀಮ್‌ಗೆ ತಾಪಮಾನ ಜಾಸ್ತಿ ಏರುತ್ತದೆ, ಅಲ್ವಾ? ಆಗ ಈ ವಾಲ್ವ್‌ನ ಗೇನ್ ತಾನೇ ಇಳಿಯುತ್ತದೆ. ಎರಡೂ ಸರಿದೂಗಿ, ರಾತ್ರಿಯ ಕಡಿಮೆ ಲೋಡ್‌ಗೂ ಒಂದೇ ಟ್ಯೂನಿಂಗ್ ಸಾಕಾಗಿದೆ. ಹರಿವು ಹೆಚ್ಚು ಬದಲಾಗದ ಕಡೆ, ವಾಲ್ವ್ ಮೇಲಿನ ಒತ್ತಡದ ವ್ಯತ್ಯಾಸವೂ ಸ್ಥಿರವಾಗಿದ್ದರೆ, ಸರಿಯಾದ ಅಳತೆಯ ಲೀನಿಯರ್ ವಾಲ್ವೇ ಸಾಕು.