ಮೊದಲು ಒಂದೇ ಕಲೆ, ಆಮೇಲೆ ಮೈತುಂಬ: ಪಿಟಿರಿಯಾಸಿಸ್ ರೋಸಿಯಾ ಆದವರು ಹೇಳಿ

ಡೊಂಬಿವಲಿಯಿಂದ ಕೇಳಿದ್ದು

ವಯಸ್ಸು 26. ಸೊಂಟದ ಬಲಗಡೆ ಹತ್ತು ರೂಪಾಯಿ ನಾಣ್ಯಕ್ಕಿಂತ ದೊಡ್ಡ ಕಲೆ ಆಯಿತು. ಮೆಡಿಕಲ್‌ನವನು ಗಜಕರ್ಣ ಅಂತ ಟ್ಯೂಬ್ ಕೊಟ್ಟ. ಹನ್ನೊಂದು ದಿನಕ್ಕೆ ಎದೆ, ಹೊಟ್ಟೆ, ಬೆನ್ನಿನ ಮೇಲೆಲ್ಲ ಸಣ್ಣ ಸಣ್ಣವು ಎದ್ದಿವೆ. ಡಾಕ್ಟರು ಎರಡು ನಿಮಿಷ ನೋಡಿ ಪಿಟಿರಿಯಾಸಿಸ್ ರೋಸಿಯಾ, ತಾನೇ ಹೋಗುತ್ತೆ ಅಂದರು. ಎಷ್ಟು ದಿನಕ್ಕೆ? ರೂಮಿನಲ್ಲಿ ನಾವು ನಾಲ್ಕು ಜನ, ಉಳಿದ ಮೂವರು ನನ್ನ ಟವೆಲ್ ಕಂಡರೆ ದೂರ ಸರಿಯುತ್ತಾರೆ. ಐದು ವಾರಕ್ಕೆ ಹುಬ್ಬಳ್ಳಿಯಲ್ಲಿ ಅಣ್ಣನ ಮದುವೆ ಬೇರೆ ಇದೆ.

ಪುಣೆ, ಹಡಪ್ಸರ್‌ನಿಂದ

ನನಗೆ ಆದದ್ದು ಮೂರು ವರ್ಷದ ಹಿಂದೆ. ಆಗ ಫೋನಿನಲ್ಲಿ ದಿನಾ ಫೋಟೋ ತೆಗೆದಿಟ್ಟಿದ್ದೆ, ಅದನ್ನೇ ನೋಡಿಕೊಂಡು ಬರೆಯುತ್ತಿದ್ದೇನೆ.

ಜೂನ್ 4ಕ್ಕೆ ಎಡ ಕಂಕುಳ ಕೆಳಗೆ ಮೊದಲ ಕಲೆ. ಮೊಟ್ಟೆ ಆಕಾರ, ಉದ್ದ ಸುಮಾರು 4 ಸೆಂ.ಮೀ. ತುರಿಕೆ ಇರಲಿಲ್ಲ. ಜೂನ್ 15ಕ್ಕೆ ಹೊಟ್ಟೆಯ ಮೇಲೆ ಐದಾರು ಸಣ್ಣವು, 20ಕ್ಕೆ ಎಣಿಸುವುದನ್ನೇ ಬಿಟ್ಟೆ. ಬೆನ್ನಿನದನ್ನು ಹೆಂಡತಿ ಫೋಟೋ ತೆಗೆದು ತೋರಿಸಿದಳು. ಬೆನ್ನುಮೂಳೆಯ ಎರಡೂ ಕಡೆ ಕಲೆಗಳೆಲ್ಲ ಓರೆಯಾಗಿ ಕೆಳಕ್ಕೆ ಇಳಿದಿದ್ದವು, ಪಕ್ಕೆಲುಬು ಹೋಗುವ ದಿಕ್ಕಿನಲ್ಲಿ. ಡಾಕ್ಟರು ಅದನ್ನು ನೋಡಿಯೇ ಹೆಸರು ಹೇಳಿದ್ದು.

ಜುಲೈ 8ರ ಹೊತ್ತಿಗೆ ಹೊಸವು ಬರುವುದು ನಿಂತಿತು. ಆಗಸ್ಟ್ ಮೊದಲ ವಾರಕ್ಕೆ ಹೊಟ್ಟು ಪೂರ್ತಿ ಉದುರಿತ್ತು. ಅಂದರೆ ಮೊದಲ ಕಲೆಯಿಂದ ಸುಮಾರು ಒಂಬತ್ತು ವಾರ. ಆದರೆ ಕಂದು ಗುರುತು ದೀಪಾವಳಿ ಕಳೆದರೂ ಇತ್ತು, ಇದನ್ನು ಯಾರೂ ಮೊದಲೇ ಹೇಳಿರಲಿಲ್ಲ. ಹೆಂಡತಿ ಅದೇ ಹಾಸಿಗೆಯಲ್ಲಿ ಮಲಗುತ್ತಿದ್ದಳು, ಅವಳಿಗೆ ಏನೂ ಬರಲಿಲ್ಲ.

ನನಗೆ ಜಾಸ್ತಿ ಕಾಟ ಕೊಟ್ಟಿದ್ದು ಬಿಸಿನೀರು. ಮಳೆಗಾಲ ಅಲ್ವಾ, ಕೊತ ಕೊತ ನೀರಲ್ಲಿ ಸ್ನಾನ ಮಾಡುತ್ತಿದ್ದೆ. ಹೊರಗೆ ಬಂದ ಕೂಡಲೇ ಮೈಯೆಲ್ಲ ಉರಿಯುವಂಥ ತುರಿಕೆ. ಉಗುರು ಬೆಚ್ಚಗಿನ ನೀರಿಗೆ ಬದಲಾಯಿಸಿದ ಮೇಲೆ ನಿದ್ದೆ ಬಂತು.

ಮಡಗಾಂವ್‌ನಿಂದ

ಇದಕ್ಕೆ ಇಷ್ಟೊಂದು ಚಿಂತೆ ಯಾಕೆ? ಪಿಟಿರಿಯಾಸಿಸ್ ಅಂದರೆ ಚಿಬ್ಬು. ಗೋವಾದ ಸೆಕೆಗೆ ನಮ್ಮ ಮನೆಯಲ್ಲಿ ಎಲ್ಲರಿಗೂ ಆಗಿದೆ. ಕೀಟೋಕೊನಾಜೋಲ್ ಶಾಂಪೂ ಮೈಗೆ ಹಚ್ಚಿ ಐದು ನಿಮಿಷ ಬಿಟ್ಟು ತೊಳೆದರೆ ಆಯಿತು.

ಮುಲುಂಡ್‌ನಿಂದ

ಮಡಗಾಂವ್‌ನವರು ಹೇಳಿದ ಶಾಂಪೂ ಚಿಬ್ಬಿಗೆ ಸರಿಯೇ. ಆದರೆ ಚಿಬ್ಬು ಪಿಟಿರಿಯಾಸಿಸ್ ವರ್ಸಿಕಲರ್. ಇವರದು ರೋಸಿಯಾ. ಪಿಟಿರಿಯಾಸಿಸ್ ಅಂದರೆ ಹೊಟ್ಟು ಉದುರುವುದು, ಅಷ್ಟೇ. ಮುಂದಿನ ಪದ ಬೇರೆ ಆದರೆ ಕಾಯಿಲೆಯೇ ಬೇರೆ. ಚಿಬ್ಬಿಗೆ ಯೀಸ್ಟ್ ಕಾರಣ. ರೋಸಿಯಾಗೆ ಬಹುಶಃ ವೈರಸ್. ಚಿಕ್ಕಂದಿನಲ್ಲೇ ನಮ್ಮೆಲ್ಲರ ಮೈ ಸೇರಿರುವ ಹರ್ಪಿಸ್ ಗುಂಪಿನ 6 ಮತ್ತು 7ನೇ ವೈರಸ್‌ಗಳು ಮತ್ತೆ ಎದ್ದಾಗ ಹೀಗಾಗುತ್ತದೆ ಎಂಬ ಅನುಮಾನ ಇದೆ. ಹಾಗಾಗಿ ಟವೆಲ್‌ನಿಂದ ಹರಡುತ್ತದೆ ಎಂದು ರೂಮಿನವರು ಹೆದರಬೇಕಿಲ್ಲ.

ನಾನು ಹದಿನೆಂಟು ವರ್ಷದಿಂದ ಚರ್ಮದ ಓಪಿಡಿಯಲ್ಲಿ ಕೂರುವವಳು. ಮೊದಲ ಕಲೆ ಒಂದೇ ಇರುವಾಗ ಡಾಕ್ಟರುಗಳೂ ಗಜಕರ್ಣ ಅಂದುಕೊಳ್ಳುತ್ತಾರೆ, ಮೆಡಿಕಲ್‌ನವನದು ದೊಡ್ಡ ತಪ್ಪಲ್ಲ. ವ್ಯತ್ಯಾಸ ಇರುವುದು ಹೊಟ್ಟಿನಲ್ಲಿ. ಗಜಕರ್ಣದಲ್ಲಿ ಅಂಚೇ ಉಬ್ಬಿ ಕೆರಳಿರುತ್ತದೆ, ಹೊಟ್ಟೂ ಅಲ್ಲೇ, ತುರಿಕೆಯೂ ಜೋರು. ರೋಸಿಯಾದಲ್ಲಿ ಅಂಚಿನಿಂದ ಸ್ವಲ್ಪ ಒಳಗೆ ತೆಳು ಹೊಟ್ಟಿನ ಒಂದು ಉಂಗುರ ಇರುತ್ತದೆ. ಅದರ ಹೊರಬದಿ ಚರ್ಮಕ್ಕೆ ಅಂಟಿಕೊಂಡಿರುತ್ತದೆ, ಒಳಬದಿ ಎದ್ದಿರುತ್ತದೆ. ಕಿಟಕಿ ಬೆಳಕಿನಲ್ಲಿ ಓರೆಯಾಗಿ ನೋಡಿದರೆ ಕಾಣುತ್ತದೆ. ಗುಲಾಬಿ ಬಣ್ಣ ಹುಡುಕಬೇಡಿ. ನಮ್ಮ ಮೈಬಣ್ಣದಲ್ಲಿ ಅದು ಕಂದು, ಕೆಲವರಿಗೆ ಬೂದು.

ಆದರೂ ಅನುಮಾನ ಬಂದರೆ ನಾವು ಬ್ಲೇಡಿನಿಂದ ಹೊಟ್ಟನ್ನು ಮೆಲ್ಲಗೆ ಕೆರೆದು ಗಾಜಿನ ಪಟ್ಟಿ ಮೇಲೆ ಹಾಕಿ, ಕೆಓಎಚ್ ಹನಿ ಬಿಟ್ಟು ಸೂಕ್ಷ್ಮದರ್ಶಕದಲ್ಲಿ ನೋಡುತ್ತೇವೆ. ಫಂಗಸ್ ಇದ್ದರೆ ದಾರದಂತೆ ಕಾಣುತ್ತದೆ. ನೋವಿಲ್ಲ, ಅಲ್ಲೇ ಉತ್ತರ ಸಿಗುತ್ತದೆ.

ನಿಮಗೆ ಕೊಟ್ಟ ಟ್ಯೂಬಿನ ಮೇಲೆ ಕ್ಲೋಬೆಟಾಸಾಲ್ ಅಂತ ಇದೆಯಾ ನೋಡಿ. ಇದ್ದರೆ ಅದು ಜೋರು ಸ್ಟೀರಾಯ್ಡ್, ಅದನ್ನು ಡಾಕ್ಟರಿಗೆ ಹೇಳಲೇಬೇಕು. ಗಜಕರ್ಣಕ್ಕೆ ಇದನ್ನು ಹಚ್ಚಿದರೆ ಕೆಂಪು ಮಾಯವಾಗಿ ವಾಸಿಯಾದಂತೆ ಕಾಣುತ್ತದೆ, ಒಳಗೆ ಫಂಗಸ್ ಹರಡುತ್ತಿರುತ್ತದೆ, ಆಕಾರವೂ ಕೆಡುತ್ತದೆ. ಆಮೇಲೆ ಎರಡು ನಿಮಿಷದಲ್ಲಿ ಯಾರಿಗೂ ಹೆಸರು ಹೇಳಲು ಆಗುವುದಿಲ್ಲ.

ಅಂಗೈ, ಅಂಗಾಲಿನಲ್ಲೂ ಕಲೆ ಇದೆಯಾ?

ಡೊಂಬಿವಲಿಯಿಂದ

ಟ್ಯೂಬಿನ ಮೇಲೆ ಇದೆ ಮೇಡಂ, ಕ್ಲೋಬೆಟಾಸಾಲ್ ಜೊತೆ ಇನ್ನೆರಡು ಹೆಸರು. ಹನ್ನೊಂದು ದಿನ ಹಚ್ಚಿದೆ. ಅಂಗೈ ಅಂಗಾಲಿನಲ್ಲಿ ಏನಿಲ್ಲ. ಯಾಕೆ ಕೇಳಿದಿರಿ?

ಮುಲುಂಡ್‌ನಿಂದ

ಸಿಫಿಲಿಸ್‌ನ ಎರಡನೇ ಹಂತವೂ ಮೈಮೇಲೆ ಹೆಚ್ಚುಕಡಿಮೆ ಹೀಗೇ ಕಾಣುತ್ತದೆ. ಅದರಲ್ಲಿ ಅಂಗೈ, ಅಂಗಾಲಿಗೆ ಬರುವುದು ಸಾಮಾನ್ಯ, ಇದರಲ್ಲಿ ಅಪರೂಪ. ಅಲ್ಲಿ ಇಲ್ಲದ ಮಾತ್ರಕ್ಕೆ ಸಿಫಿಲಿಸ್ ಅಲ್ಲ ಅಂತಲೂ ಆಗುವುದಿಲ್ಲ. ಅದಕ್ಕೇ ಡಾಕ್ಟರು ವಿಡಿಆರ್‌ಎಲ್ ರಕ್ತಪರೀಕ್ಷೆ ಬರೆದುಕೊಟ್ಟರೆ ಅವಮಾನ ಅಂದುಕೊಳ್ಳಬೇಡಿ. ನಮ್ಮಲ್ಲಿ ಅನುಮಾನ ಇದ್ದ ದೊಡ್ಡವರಿಗೆಲ್ಲ ಮಾಡಿಸುತ್ತೇವೆ.

ಮಾಟುಂಗಾದಿಂದ

ತಮ್ಮಾ, ನಮ್ಮ ಮಗಳಿಗೂ ಆಗಿತ್ತು, ಅವಳಿಗೆ ಆಗ 19. ಅವಳಿಗೆ ಏಸೈಕ್ಲೋವಿರ್ ಮಾತ್ರೆ ಕೊಟ್ಟಿದ್ದರು, ಐದೇ ವಾರಕ್ಕೆ ಹೋಯಿತು. ನೀನೂ ಕೇಳು. ಕಹಿಬೇವಿನ ಸೊಪ್ಪು ಕುದಿಸಿದ ನೀರಲ್ಲಿ ಸ್ನಾನ ಮಾಡು, ಅದೂ ಒಳ್ಳೇದು.

ಹಡಪ್ಸರ್‌ನಿಂದ

ಅಕ್ಕಾ, ಬೇವಿನ ನೀರು ನಾನೂ ಹಾಕಿಕೊಂಡೆ. ಬೇವಿನದು ಗೊತ್ತಿಲ್ಲ, ಬಿಸಿ ಮಾತ್ರ ತುರಿಕೆ ಏರಿಸಿತು.

ಮುಲುಂಡ್‌ನಿಂದ

ಏಸೈಕ್ಲೋವಿರ್ ಬಗ್ಗೆ ಡಾಕ್ಟರುಗಳಲ್ಲೇ ಎರಡು ಮಾತಿದೆ. ಶುರುವಿನಲ್ಲೇ ಕೊಟ್ಟರೆ ಬೇಗ ಇಳಿಯುತ್ತದೆ ಎಂದು ಕೆಲವು ಅಧ್ಯಯನ ಹೇಳುತ್ತವೆ. ನಮ್ಮ ದೊಡ್ಡ ಡಾಕ್ಟರು ತುಂಬಾ ಹರಡಿದವರಿಗೆ ಮಾತ್ರ ಬರೆಯುತ್ತಾರೆ, ಪಕ್ಕದ ಕೋಣೆಯವರು ಬರೆಯುವುದೇ ಇಲ್ಲ. ಮಗಳದು ಮಾತ್ರೆಯಿಂದ ಹೋಯಿತೋ, ಐದು ವಾರಕ್ಕೆ ತಾನೇ ಹೋಗುತ್ತಿತ್ತೋ, ಹೇಳುವುದು ಕಷ್ಟ. ಗರ್ಭಿಣಿಯರ ಮಾತು ಬೇರೆ. ಮೊದಲ ತಿಂಗಳುಗಳಲ್ಲಿ ಇದು ಬಂದರೆ ಕಾಯದೆ ಹೆರಿಗೆ ಡಾಕ್ಟರಿಗೆ ತೋರಿಸಬೇಕು.

ನಿಮಗೆ ಸದ್ಯಕ್ಕೆ: ಸ್ಟೀರಾಯ್ಡ್ ಹಚ್ಚಿದ್ದರಿಂದ ಒಮ್ಮೆ ಹೋಗಿ ಕೆರೆದು ನೋಡಿಸಿಕೊಳ್ಳಿ. ಫಂಗಸ್ ಇಲ್ಲ ಅಂತಾದರೆ ಸ್ನಾನದ ನಂತರ ಒದ್ದೆ ಮೈಗೇ ಕೊಬ್ಬರಿ ಎಣ್ಣೆಯೋ ವ್ಯಾಸಲೀನೋ ಹಚ್ಚಿ. ಸೋಪು ಕಂಕುಳು, ತೊಡೆಸಂದಿಗೆ ಮಾತ್ರ. ನಿದ್ದೆ ಕೆಡಿಸುವ ತುರಿಕೆ ಇದ್ದರೆ ಸಿಟ್ರಿಜಿನ್ ಬಗ್ಗೆ ಡಾಕ್ಟರನ್ನು ಕೇಳಿ. ಮೂರು ತಿಂಗಳು ದಾಟಿಯೂ ಹೊಸವು ಬರುತ್ತಿದ್ದರೆ ಅದು ರೋಸಿಯಾ ಅಂತ ನಂಬಿ ಕೂರಬೇಡಿ. ಸೋರಿಯಾಸಿಸ್‌ನ ಒಂದು ಬಗೆಯೂ ಹೀಗೇ ಶುರುವಾಗುತ್ತದೆ, ಆಗ ಬಯಾಪ್ಸಿ ಬೇಕಾಗಬಹುದು.

ಡೊಂಬಿವಲಿಯಿಂದ

ಇವತ್ತು ಕೆರೆದು ನೋಡಿದರು, ಫಂಗಸ್ ಇಲ್ಲ. ರಕ್ತವೂ ಕೊಟ್ಟು ಬಂದೆ, ವರದಿ ಗುರುವಾರ. ಮದುವೆ ಹೊತ್ತಿಗೆ ಲೆಕ್ಕ ಹಾಕಿದರೆ ಏಳನೇ ವಾರ ಆಗುತ್ತೆ. ಅರಿಶಿನ ಶಾಸ್ತ್ರದಲ್ಲಿ ಅತ್ತಿಗೆಯ ಕಡೆಯವರು ಅಂಗಿ ಬಿಚ್ಚಿಸದೆ ಬಿಡಲ್ಲ. ಏನು ಹೇಳಲಿ?

ಹಡಪ್ಸರ್‌ನಿಂದ

ಏಳನೇ ವಾರದಲ್ಲಿ ನನಗೆ ಹೊಟ್ಟು ಕಮ್ಮಿಯಾಗಿ ಬರೀ ಗುರುತು ಉಳಿದಿತ್ತು. ಮೇಲೆ ಅರಿಶಿನ ಬಳಿದರೆ ಯಾರಿಗೆ ಕಾಣುತ್ತೆ? ಉಜ್ಜಲು ಮಾತ್ರ ಬಿಡಬೇಡಿ.

ವಾಸ್ಕೋದಿಂದ

ನನಗೆ ಕಾಲೇಜಿನಲ್ಲಿ ಒಮ್ಮೆ, ಈಗ 34ಕ್ಕೆ ಇನ್ನೊಮ್ಮೆ ಬಂದಿದೆ. ಎರಡನೇ ಸಲ ಬರುವುದು ಅಪರೂಪ ಅಂದರು. ಈ ಸಲ ದೊಡ್ಡ ಕಲೆ ಕಾಣಲೇ ಇಲ್ಲ, ನೇರ ಸಣ್ಣವೇ. ಹೀಗೆ ಬೇರೆ ಯಾರಿಗಾದರೂ ಆಗಿದೆಯಾ?