ಕ್ಲೋನಿಡಿನ್ ಮಾತ್ರೆ ನಾವೇ ನಿಲ್ಲಿಸಬಹುದಾ? ಅನುಭವ ಇದ್ದವರು ಹೇಳಿ

ಕೇಳಿದವರು (ತುಮಕೂರು):
ಅಪ್ಪನಿಗೆ 66 ವರ್ಷ, ಶುಗರ್ ಇದೆ, ವಾರಕ್ಕೆ ಎರಡು ಸಲ ಡಯಾಲಿಸಿಸ್. ಬಿಪಿಗೆ ಬೇರೆ ಮಾತ್ರೆಗಳ ಜೊತೆ ನಾಲ್ಕು ತಿಂಗಳಿಂದ ಕ್ಲೋನಿಡಿನ್ 100 ಮೈಕ್ರೋಗ್ರಾಂ, ದಿನಕ್ಕೆ ಮೂರು ಸಲ. ಈಗ ಬಿಪಿ 140ರ ಆಸುಪಾಸು ಇದೆ. ಆದರೆ ದಿನವಿಡೀ ತೂಕಡಿಸುತ್ತಾರೆ, ಬಾಯಿ ಒಣಗುತ್ತೆ ಅಂತ ಪದೇ ಪದೇ ನೀರು ಕೇಳುತ್ತಾರೆ. ಬಿಪಿ ಸರಿ ಇದೆಯಲ್ಲ, ಇದೊಂದನ್ನು ನಾವೇ ನಿಲ್ಲಿಸಿ ನೋಡೋಣವಾ? ನಿಲ್ಲಿಸಿದವರು ಯಾರಾದರೂ ಇದ್ದರೆ ಏನಾಯಿತು ಹೇಳಿ.

ಹಾಸನದ ಮಗಳು:
ದಯವಿಟ್ಟು ನಿಲ್ಲಿಸಬೇಡಿ. ನಾವು ಬೇಕೂಂತ ನಿಲ್ಲಿಸಲಿಲ್ಲ, ಮರೆತಿದ್ದು. ನಮ್ಮಪ್ಪನಿಗೂ ಇದೇ ಮಾತ್ರೆ, ಇದೇ ಲೆಕ್ಕ, ಬೆಳಗ್ಗೆ, ಮಧ್ಯಾಹ್ನ, ರಾತ್ರಿ. ಅತ್ತೆ ಮನೆಯ ಗೃಹಪ್ರವೇಶಕ್ಕೆ ಹೋಗಿದ್ದೆವು. ಮಾತ್ರೆ ಡಬ್ಬಿ ಇಲ್ಲೇ ಫ್ರಿಜ್ ಮೇಲೆ ಉಳಿದಿತ್ತು. ಅಲ್ಲಿಯ ಮೆಡಿಕಲ್ಸ್‌ನಲ್ಲಿ ಉಳಿದ ಬಿಪಿ ಮಾತ್ರೆ ಎಲ್ಲ ಸಿಕ್ಕಿತು, ಇದೊಂದು ಸಿಗಲಿಲ್ಲ. ಎರಡು ದಿನ ತಾನೇ, ಉಳಿದದ್ದು ತಗೊಳ್ತಾರಲ್ಲ ಅಂತ ಸುಮ್ಮನಾದೆವು.

ಶನಿವಾರ ಬೆಳಗ್ಗೆ ಮನೆಯಲ್ಲಿ ನುಂಗಿದ್ದೇ ಕೊನೆ. ಭಾನುವಾರ ಮಧ್ಯಾಹ್ನ ಊಟಕ್ಕೆ ಕೂತಾಗ ತಲೆನೋವು ಅಂದರು. ಸಂಜೆಗೆ ಕೂತಲ್ಲಿ ಕೂರಲಿಲ್ಲ, ನಿಂತಲ್ಲಿ ನಿಲ್ಲಲಿಲ್ಲ. ಕಾಫಿ ಲೋಟ ಹಿಡಿದ ಕೈ ನಡುಗಿ ಪಂಚೆ ಮೇಲೆ ಚೆಲ್ಲಿಕೊಂಡರು. ಬೆನ್ನೆಲ್ಲ ಬೆವರು, ಎದೆ ಡವಡವ. ಶುಗರ್ ಇಳಿದಿರಬೇಕು ಅಂತ ಸಕ್ಕರೆ ನೀರು ಕೊಟ್ಟೆವು, ಆಮೇಲೆ ಚೆಕ್ ಮಾಡಿದರೆ ಶುಗರ್ ಜಾಸ್ತಿಯೇ ಇತ್ತು! ರಾತ್ರಿ ಬಿಪಿ 218/124. ಮೊದಲು ಹೋದ ಕ್ಲಿನಿಕ್‌ನಲ್ಲಿ ಓಡಾಟದ ಟೆನ್ಷನ್ ಅಂದುಬಿಟ್ಟರು. ಆಮೇಲೆ ದೊಡ್ಡ ಆಸ್ಪತ್ರೆಯಲ್ಲಿ ಒಬ್ಬ ಚಿಕ್ಕ ಡಾಕ್ಟರ್ ಕೇಳಿದ ಮೊದಲ ಪ್ರಶ್ನೆಯೇ "ಯಾವುದಾದರೂ ಮಾತ್ರೆ ಬಿಟ್ಟಿದ್ದೀರಾ?" ಅಂತ. ಕ್ಲೋನಿಡಿನ್ ಮತ್ತೆ ಶುರು ಮಾಡಿದರು. ಮಾರನೇ ದಿನ ಮಧ್ಯಾಹ್ನಕ್ಕೆ 160ಕ್ಕೆ ಬಂತು. ಆ ರಾತ್ರಿ ನೆನೆಸಿಕೊಂಡರೆ ಈಗಲೂ ಮೈ ಜುಮ್ಮೆನ್ನುತ್ತದೆ.

ಮೈಸೂರಿನ ಹಿರಿಯರು:
ಅಷ್ಟು ಹೆದರುವುದು ಬೇಡಮ್ಮ. ನಮ್ಮ ತಂದೆ ಬಿಪಿಗೆ ರೆಸರ್ಪಿನ್ ಮಾತ್ರೆ ವರ್ಷಗಟ್ಟಲೆ ತೆಗೆದುಕೊಂಡರು. ನಮ್ಮ ಸರ್ಪಗಂಧದ ಬೇರಿನಿಂದ ಬಂದದ್ದು ಅದು. ಮುಂಬೈಯ ಡಾಕ್ಟರ್ ರುಸ್ತುಂ ಜಾಲ್ ವಕೀಲ್ 1949ರಲ್ಲೇ ಇದರ ಬಗ್ಗೆ ಬ್ರಿಟಿಷ್ ಪತ್ರಿಕೆಯಲ್ಲಿ ಬರೆದು ಲೋಕಕ್ಕೆಲ್ಲ ಗೊತ್ತು ಮಾಡಿದರು. ತಂದೆ ಎಷ್ಟೋ ಸಲ ನಾಲ್ಕೈದು ದಿನ ಮಾತ್ರೆ ಮರೆಯುತ್ತಿದ್ದರು, ಬಿಪಿ ಏರಿದ್ದೇ ಇಲ್ಲ. ಇದೂ ನರದ ಮೇಲೆ ಕೆಲಸ ಮಾಡುವ ಅದೇ ಜಾತಿಯ ಮಾತ್ರೆ ಅಲ್ವಾ? ಒಂದೆರಡು ದಿನ ಬಿಟ್ಟರೆ ಏನೂ ಆಗಲಿಕ್ಕಿಲ್ಲ. ಬೇರಿನಿಂದ ಬಂದದ್ದಾದ್ದರಿಂದ ಸೈಡ್ ಎಫೆಕ್ಟೂ ಇರಲಿಲ್ಲ.

ಡಯಾಲಿಸಿಸ್ ಯೂನಿಟ್ ಸಿಸ್ಟರ್:
ಸರ್, ನಿಮ್ಮ ತಂದೆಯವರ ವಿಷಯ ನೀವು ಹೇಳಿದ ಹಾಗೇ ಆಗಿರುತ್ತದೆ. ಆದರೆ ಅದನ್ನು ಇಲ್ಲಿಗೆ ಹೊಂದಿಸಲು ಆಗುವುದಿಲ್ಲ. ರೆಸರ್ಪಿನ್ ನರದ ತುದಿಯಲ್ಲಿ ತುಂಬಿಟ್ಟುಕೊಂಡಿರುವ, ಬಿಪಿ ಏರಿಸುವ ಸರಕನ್ನೇ ಖಾಲಿ ಮಾಡುತ್ತದೆ. ಮಾತ್ರೆ ಬಿಟ್ಟರೂ ಆ ಉಗ್ರಾಣ ಮತ್ತೆ ತುಂಬಲು ದಿನಗಟ್ಟಲೆ ಬೇಕು, ಅದಕ್ಕೇ ಬಿಪಿ ನಿಧಾನವಾಗಿ ಏರುತ್ತದೆ. ಕ್ಲೋನಿಡಿನ್ ಉಗ್ರಾಣ ಮುಟ್ಟುವುದಿಲ್ಲ. ಮೆದುಳಿನಲ್ಲಿ ಕೂತು ಕೆಳಗಿನ ನರಗಳಿಗೆ "ಸುಮ್ಮನಿರಿ" ಅಂತ ಹೇಳುತ್ತಿರುತ್ತದೆ, ಅಷ್ಟೇ. ಉಗ್ರಾಣ ತುಂಬಿಯೇ ಇರುತ್ತದೆ. ಹೇಳುವವರು ಎದ್ದು ಹೋದ ತಕ್ಷಣ ಎಲ್ಲ ಒಟ್ಟಿಗೆ ಹೊರಗೆ ಬರುತ್ತದೆ. ಹಾಸನದವರ ಮನೆಯಲ್ಲಿ ಆದದ್ದು ಅದೇ. ನಡುಕ, ಬೆವರು, ಎದೆ ಬಡಿತ, ಚಡಪಡಿಕೆ ಸಾಮಾನ್ಯವಾಗಿ ಕೊನೆಯ ಮಾತ್ರೆಯಾಗಿ 18 ಗಂಟೆಯಿಂದ ಮೂರು ದಿನದೊಳಗೆ ಬರುತ್ತದೆ. ಕಿಡ್ನಿ ಕೆಟ್ಟವರಲ್ಲಿ ಮಾತ್ರೆ ಮೈಯಲ್ಲಿ ಜಾಸ್ತಿ ಹೊತ್ತು ಉಳಿಯುವುದರಿಂದ ಸ್ವಲ್ಪ ತಡವಾಗಿಯೂ ಕಾಣಿಸಬಹುದು. ಒಂದು ದಿನ ಏನೂ ಆಗಲಿಲ್ಲ ಅಂತ ಧೈರ್ಯ ಮಾಡಬೇಡಿ.

ಇನ್ನೊಂದು ಮಾತು ಸರ್, ಸರ್ಪಗಂಧಕ್ಕೆ ಸೈಡ್ ಎಫೆಕ್ಟ್ ಇಲ್ಲ ಅನ್ನುವುದು ಸರಿಯಲ್ಲ. ಮೂಗು ಕಟ್ಟುವುದು, ಹೊಟ್ಟೆ ಉರಿ, ಅದಕ್ಕಿಂತ ಹೆಚ್ಚಾಗಿ ಮನಸ್ಸು ಕುಗ್ಗುವುದು. ಡೋಸ್ ಜಾಸ್ತಿಯಾದವರು ಮಾತೇ ಆಡದೆ ಮೂಲೆ ಹಿಡಿದು ಕೂರುತ್ತಿದ್ದರು ಅಂತ ನಮಗೆ ಕಲಿಸಿದ್ದಾರೆ.

ಈಗ ತುಮಕೂರಿನವರಿಗೆ. ತೂಕಡಿಕೆ, ಬಾಯಿ ಒಣಗುವುದು ಎರಡೂ ಈ ಮಾತ್ರೆಯದ್ದೇ. ಇದನ್ನು 60ರ ದಶಕದಲ್ಲಿ ಜರ್ಮನಿಯಲ್ಲಿ ಮೂಗು ಕಟ್ಟುವುದಕ್ಕೆ ಅಂತ ಮಾಡಿದ್ದಂತೆ. ನೆಗಡಿಯಾಗಿದ್ದ ಅಲ್ಲಿಯ ಸೆಕ್ರೆಟರಿಯೊಬ್ಬರಿಗೆ ಮೂಗಿಗೆ ಹನಿ ಹಾಕಿದರೆ ಆಕೆ ಒಂದು ದಿನ ಪೂರ್ತಿ ಮಲಗಿಬಿಟ್ಟರು, ಬಿಪಿ ಇಳಿಯಿತು, ನಾಡಿ ನಿಧಾನವಾಯಿತು, ಬಾಯಿ ಒಣಗಿತು. ಬಿಪಿಗೆ ಕೆಲಸ ಮಾಡುತ್ತದೆ ಅಂತ ಗೊತ್ತಾದದ್ದೇ ಹಾಗೆ.

ಆದರೆ ಡಯಾಲಿಸಿಸ್‌ನವರಲ್ಲಿ ಬಾಯಿ ಒಣಗುವುದನ್ನು ಸಣ್ಣ ವಿಷಯ ಅಂತ ಬಿಡಬಾರದು. ಬಾಯಿ ಒಣಗಿ ನೀರು ಕುಡಿಯುತ್ತಾರೆ, ನೀರು ಹೊರಗೆ ಹೋಗುವ ದಾರಿ ಇಲ್ಲ, ಮುಂದಿನ ಡಯಾಲಿಸಿಸ್‌ಗೆ ಬರುವಾಗ ಮೂರೂವರೆ ನಾಲ್ಕು ಕೆಜಿ ಏರಿರುತ್ತಾರೆ. ಆ ನೀರಿನಿಂದಲೇ ಬಿಪಿ ಮತ್ತೆ ಜಾಸ್ತಿ. ಆಗ ಬಿಪಿ ಇಳಿಯಲಿಲ್ಲ ಅಂತ ಇನ್ನೊಂದು ಮಾತ್ರೆ ಸೇರುತ್ತದೆ. ನಮ್ಮ ಯೂನಿಟ್‌ನಲ್ಲಿ ಒಬ್ಬರಿಗೆ ಹೀಗೇ ಆಗಿತ್ತು. ಅವರ ತೂಕದ ಚೀಟಿ ತೆಗೆದು ನೋಡಿದರೆ ಕ್ಲೋನಿಡಿನ್ ಶುರುವಾದ ವಾರದಿಂದಲೇ ತೂಕ ಏರಿತ್ತು. ಅಪ್ಪನಿಗೆ ನೀರು ಕುಡಿಸುವ ಬದಲು ಬಾಯಿ ಮುಕ್ಕಳಿಸಿ ಉಗಿಯಲು ಹೇಳಿ, ಐಸ್ ಚೂರು ಚೀಪಲು ಕೊಡಿ, ಅದನ್ನೂ ನೀರಿನ ಲೆಕ್ಕಕ್ಕೇ ಸೇರಿಸಿ.

ಎರಡು ವಿಷಯ ಹೇಳಿ. ಬೇರೆ ಮಾತ್ರೆಗಳಲ್ಲಿ ಮೆಟೊಪ್ರೊಲಾಲ್ ಥರದ್ದು ಇದೆಯಾ? ನಾಡಿ ಎಷ್ಟಿದೆ?

ದಾವಣಗೆರೆಯ ಅಮ್ಮ:
ನನಗೂ ಇದೇ ಕೊಟ್ಟಿದ್ದರು, ಬಸುರಿಯಲ್ಲಿ ಬಿಪಿ ಬಂದಾಗ. ಮೀಥೈಲ್‌ಡೋಪಾ 250, ದಿನಕ್ಕೆ ಮೂರು. ಮೊದಲ ವಾರ ನಿಂತಲ್ಲೇ ನಿದ್ದೆ ಬರುತ್ತಿತ್ತು, ಆಮೇಲೆ ಕಡಿಮೆಯಾಯಿತು. ಹಾಗಾಗಿ ಅಪ್ಪನಿಗೂ ಕಡಿಮೆಯಾಗುತ್ತದೆ, ಸ್ವಲ್ಪ ಕಾಯಿರಿ. ನನಗೆ ಹೆದರಿಕೆಯಾಗಿದ್ದು ಬೇರೆ. ಬಕೆಟ್‌ನಲ್ಲಿ ಹಿಡಿದಿಟ್ಟ ಮೂತ್ರ ಸ್ವಲ್ಪ ಹೊತ್ತಿಗೆ ಕಪ್ಪಗಾಗುತ್ತಿತ್ತು. ಹೆರಿಗೆಯಾದ ಮೇಲೆ ತುಂಬ ಅಳು ಬರುತ್ತಿತ್ತು, ಮಗುವನ್ನು ನೋಡಿದರೂ ಅಳು. ಬಾಣಂತನ ಅಂದರೆ ಹಾಗೇ ಅಂತ ಎಲ್ಲರೂ ಅಂದರು. ಡಾಕ್ಟರಮ್ಮ ಮಾತ್ರ ಆ ಮಾತ್ರೆ ಬದಲಿಸಿದರು.

ಡಯಾಲಿಸಿಸ್ ಯೂನಿಟ್ ಸಿಸ್ಟರ್:
ಅಮ್ಮಾ, ಅದು ಬೇರೆ ಮಾತ್ರೆ, ಕೆಲಸ ಮಾತ್ರ ಹತ್ತಿರದ್ದು. ಮೂತ್ರ ಗಾಳಿಗೆ ಕಪ್ಪಗಾಗುವುದರಿಂದ ತೊಂದರೆ ಇಲ್ಲ. ಆದರೆ ಕಣ್ಣು ಹಳದಿಯಾದರೆ, ಜ್ವರ ಬಂದರೆ ಕಾಯಬಾರದು, ಲಿವರ್‌ಗೆ ಹೊಡೆತ ಬಿದ್ದಿರಬಹುದು, ರಕ್ತ ಒಡೆಯುತ್ತಿರಬಹುದು. ನಿಮ್ಮ ಡಾಕ್ಟರಮ್ಮ ಬದಲಿಸಿದ್ದು ಸರಿ. ಮನಸ್ಸು ಕುಗ್ಗುತ್ತದೆ ಅಂತಲೇ ಹೆರಿಗೆಯಾದ ಒಂದೆರಡು ದಿನದಲ್ಲಿ ಅದನ್ನು ಬದಲಿಸುವುದು ವಾಡಿಕೆ. ಬಸುರಿಯರು ಓದುತ್ತಿದ್ದರೆ ಇನ್ನೊಂದು ತಿಳಿದಿರಲಿ. ಕಬ್ಬಿಣದ ಮಾತ್ರೆಯನ್ನೂ ಮೀಥೈಲ್‌ಡೋಪಾವನ್ನೂ ಒಟ್ಟಿಗೆ ನುಂಗಬೇಡಿ. ಕಬ್ಬಿಣ ಅದನ್ನು ಮೈಗೆ ಹತ್ತಲು ಬಿಡುವುದಿಲ್ಲ. ಮಾತ್ರೆ ತಪ್ಪಿಸದೇ ನುಂಗಿದರೂ ಬಿಪಿ ಇಳಿಯದೇ ಇದ್ದರೆ ಇದನ್ನೊಮ್ಮೆ ನೋಡಬೇಕು. ಎರಡರ ನಡುವೆ ಎಷ್ಟು ಗಂಟೆ ಬಿಡಬೇಕು ಅಂತ ನಿಮ್ಮ ಡಾಕ್ಟರನ್ನೇ ಕೇಳಿ.

ನ್ಯೂಜೆರ್ಸಿಯಿಂದ:
ಇಲ್ಲಿ ನಮ್ಮ ಅತ್ತೆಗೆ ಇದೇ ಔಷಧಿ ಪಟ್ಟಿಯಾಗಿ ಬರುತ್ತದೆ, ತೋಳಿಗೆ ಅಂಟಿಸಿ ವಾರಕ್ಕೊಮ್ಮೆ ಬದಲಿಸುತ್ತೇವೆ. ಬಾಯಿ ಒಣಗುವುದು ಕಡಿಮೆಯಾಯಿತು, ಮರೆಯುವ ಚಿಂತೆಯೂ ಇಲ್ಲ. ಆದರೆ ಅಂಟಿಸಿದ ಜಾಗ ಚೌಕಾಕಾರಕ್ಕೆ ಕೆಂಪಾಗಿ ತುರಿಸುತ್ತದೆ. ಊರಲ್ಲಿ ಸಿಗುತ್ತದಾ?

ಕೇಳಿದವರು (ತುಮಕೂರು):
ಎಲ್ಲರಿಗೂ ಧನ್ಯವಾದ. ಹಾಸನದ ಅಕ್ಕ ಬರೆದದ್ದು ಓದಿ ಅಮ್ಮ ಇವತ್ತಿನ ಮಾತ್ರೆ ತಾವೇ ಎದುರಿಗೆ ನಿಂತು ನುಂಗಿಸಿದರು. ಸಿಸ್ಟರ್, ಮೆಟೊಪ್ರೊಲಾಲ್ 50 ಇದೆ, ಬೆಳಗ್ಗೆ ಒಂದು. ನಾಡಿ ಮಿಷನ್‌ನಲ್ಲಿ ಮೂರು ಸಲ ನೋಡಿದೆವು, 52, 50, 53. ಎದ್ದು ನಿಂತಾಗ ಕಣ್ಣು ಕತ್ತಲೆ ಬರುತ್ತದೆ ಅಂತಲೂ ಈಗ ಹೇಳುತ್ತಿದ್ದಾರೆ. ಇನ್ನೊಂದು ಗೊಂದಲ. ಹೊಸ ಸ್ಟ್ರಿಪ್ ಮೇಲೆ 0.1 ಅಂತ ಇದೆ, ಹಳೆಯದರಲ್ಲಿ 100. ಡೋಸ್ ಕಡಿಮೆ ಕೊಟ್ಟಿದ್ದಾರಾ?

ಡಯಾಲಿಸಿಸ್ ಯೂನಿಟ್ ಸಿಸ್ಟರ್:
ಎರಡೂ ಒಂದೇ. 100 ಮೈಕ್ರೋಗ್ರಾಂ ಅಂದರೆ 0.1 ಮಿಲಿಗ್ರಾಂ. ಕಡಿಮೆ ಅಂದುಕೊಂಡು ಎರಡು ನುಂಗಿಸಬೇಡಿ.

ನಾಡಿ ವಿಷಯ ಮುಖ್ಯ. ಕ್ಲೋನಿಡಿನ್, ಮೆಟೊಪ್ರೊಲಾಲ್ ಎರಡೂ ನಾಡಿಯನ್ನು ನಿಧಾನ ಮಾಡುತ್ತವೆ. 50ರ ಹತ್ತಿರ ಇದ್ದು ಕಣ್ಣು ಕತ್ತಲೆಯೂ ಬರುತ್ತಿದ್ದರೆ ಬರೀ ಮಂಪರು ಅಂತ ಬಿಡಬಾರದು. ಇವತ್ತೇ ಡಾಕ್ಟರಿಗೆ ಫೋನ್ ಮಾಡಿ, ಇಸಿಜಿ ಬೇಕಾಗಬಹುದು. ತಲೆ ಸುತ್ತಿ ಬಿದ್ದರೆ, ನಾಡಿ ಇನ್ನೂ ಇಳಿದರೆ ನೇರ ಎಮರ್ಜೆನ್ಸಿಗೆ ಹೋಗಿ.

ಇವೆರಡೂ ಜೊತೆಗಿರುವಾಗ ಕ್ಲೋನಿಡಿನ್ ಒಂದನ್ನೇ ತಟ್ಟನೆ ಬಿಟ್ಟರೆ ಹಾಸನದಲ್ಲಿ ಆದದ್ದಕ್ಕಿಂತ ಜೋರಾಗಿ ಬಿಪಿ ಏರಬಹುದು. ಹೊರಗೆ ನುಗ್ಗುವ ಆ ಸರಕು ರಕ್ತನಾಳವನ್ನು ಬಿಗಿ ಮಾಡುತ್ತದೆ, ಸಡಿಲ ಮಾಡುವ ದಾರಿಯನ್ನು ಮೆಟೊಪ್ರೊಲಾಲ್ ಥರದ ಮಾತ್ರೆಗಳು ಮುಚ್ಚಿರಬಹುದು. ಎರಡನ್ನೂ ತೆಗೆಯಬೇಕಾದರೆ ಡಾಕ್ಟರ್ ಮೊದಲು ಮೆಟೊಪ್ರೊಲಾಲ್ ಇಳಿಸುತ್ತಾರೆ, ಕೆಲವು ದಿನ ಬಿಟ್ಟು ಕ್ಲೋನಿಡಿನ್‌ಗೆ ಕೈ ಹಾಕುತ್ತಾರೆ. ನಮ್ಮಲ್ಲಿ ನಾನು ಹೇಳಿದ ರೋಗಿಗೆ ಮೊದಲು ಮಧ್ಯಾಹ್ನದ ಮಾತ್ರೆ ಅರ್ಧ ಮಾಡಿದರು. ನಾಲ್ಕು ದಿನ ಬೆಳಗ್ಗೆ ಸಂಜೆ ಬಿಪಿ ಬರೆದು ನೋಡಿ, ಆಮೇಲೆ ಉಳಿದರ್ಧ ತೆಗೆದರು. ಹೀಗೆ ಒಂದೊಂದೇ ಹೊತ್ತಿನದು ಇಳಿಸುತ್ತಾ ಪೂರ್ತಿ ಬಿಡಲು ಮೂರು ವಾರ ಹಿಡಿಯಿತು. ಜೊತೆಗೇ ಒಣ ತೂಕ, ಅಂದರೆ ಡಯಾಲಿಸಿಸ್‌ನಲ್ಲಿ ಹೆಚ್ಚಿನ ನೀರು ತೆಗೆದ ಮೇಲೆ ಇರಬೇಕಾದ ತೂಕ, ಒಂದೂವರೆ ಕೆಜಿ ಇಳಿಸಿದರು. ಅದು ಅವರ ಲೆಕ್ಕ, ನಿಮ್ಮಪ್ಪನದ್ದು ಬೇರೆ ಇರಬಹುದು. ಪಟ್ಟಿ ನಮ್ಮ ಯೂನಿಟ್‌ನಲ್ಲಿ ಯಾರಿಗೂ ಹಾಕಿದ್ದು ನೋಡಿಲ್ಲ.

ಮೈಸೂರಿನ ಹಿರಿಯರು:
ಸಿಸ್ಟರ್, ನೀವು ಹೇಳಿದ್ದು ಓದಿದ ಮೇಲೆ ಯೋಚನೆ ಹತ್ತಿತು. ನಮ್ಮ ತಂದೆ ಕೊನೆಯ ಕೆಲವು ವರ್ಷ ಯಾರ ಜೊತೆಯೂ ಮಾತಾಡುತ್ತಿರಲಿಲ್ಲ. ಜಗಲಿಯ ಕಂಬಕ್ಕೆ ಒರಗಿ ಕೂತಿರುತ್ತಿದ್ದರು. ವಯಸ್ಸಾಯಿತು ಅಂದುಕೊಂಡಿದ್ದೆವು.

ಹಾಸನದ ಮಗಳು:
ತುಮಕೂರಿನವರೇ, ಒಂದು ಸ್ಟ್ರಿಪ್ ಪರ್ಸಿನಲ್ಲಿ, ಒಂದು ಡಯಾಲಿಸಿಸ್ ಬ್ಯಾಗಿನಲ್ಲಿ ಇಟ್ಟಿರಿ. ನಾವೀಗ ಹಾಗೇ ಮಾಡುತ್ತೇವೆ. ಆಪರೇಷನ್ ಅಂತ ಹೊಟ್ಟೆ ಖಾಲಿ ಇಡಲು ಹೇಳಿದರೂ ಈ ಮಾತ್ರೆ ವಿಷಯ ಮೊದಲೇ ಕೇಳಿ. ಅಪ್ಪನ ಕಣ್ಣಿನ ಪೊರೆ ತೆಗೆಯುವ ದಿನ ಒಂದು ಗುಟುಕು ನೀರಿನಲ್ಲಿ ನುಂಗಿಸಿಯೇ ಒಳಗೆ ಕಳಿಸಿದರು.

ಕೇಳಿದವರು (ತುಮಕೂರು):
ಡಾಕ್ಟರಿಗೆ ಫೋನ್ ಆಯಿತು. ನಾಳೆ ಡಯಾಲಿಸಿಸ್‌ಗೆ ಮುಂಚೆ ಇಸಿಜಿ ಮಾಡುತ್ತಾರಂತೆ, ಮೆಟೊಪ್ರೊಲಾಲ್ ಬಗ್ಗೆ ಆಮೇಲೆ ಹೇಳುತ್ತೇನೆ, ಕ್ಲೋನಿಡಿನ್ ಮಾತ್ರ ತಪ್ಪಿಸಬೇಡಿ ಅಂದಿದ್ದಾರೆ. ಆರು ತಿಂಗಳ ತೂಕದ ಚೀಟಿಯನ್ನೂ ತೆಗೆದಿಟ್ಟಿದ್ದೇನೆ. ಸಿಸ್ಟರ್ ಹೇಳಿದ ಹಾಗೇ ಇದೆ, ಮೊದಲು ಎರಡೂವರೆ ಕೆಜಿ ಏರುತ್ತಿದ್ದವರು ಈಗ ನಾಲ್ಕರ ಹತ್ತಿರ. ಚೀಟಿಯನ್ನೂ ನಾಳೆ ತೋರಿಸುತ್ತೇನೆ.